ವಿಮರ್ಶೆ ಓದಿದ ಮೇಲೂ ಪ್ರಬಂಧ ನಿಮ್ಮದೇ ಆಗಿರಬೇಕಾದರೆ: ‘ಸಂಸ್ಕಾರ’ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಸೆಮಿನಾರಿಗೆ ಬರೆದ ಪ್ರಬಂಧಗಳ ಕರಡು ಓದುವುದು ನನ್ನ ಕೆಲಸದ ಒಂದು ಭಾಗ. ಬಿ.ಎ. ಹುಡುಗರದಿರಲಿ, ಎಂ.ಎ. ಹುಡುಗಿಯರದಿರಲಿ, ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಪ್ರತಿ ಪ್ಯಾರಾ ‘ಇಂಥವರ ಪ್ರಕಾರ’ ಎಂದು ಶುರುವಾಗುತ್ತದೆ. ನಡುವೆ ಒಂದು ಉದ್ಧರಣೆ ಇರುತ್ತದೆ. ಕೊನೆಗೆ ‘ಹೀಗೆ ಈ ಕಾದಂಬರಿ ಮನುಷ್ಯನ ಹುಡುಕಾಟವನ್ನು ಚಿತ್ರಿಸುತ್ತದೆ’ ಎಂಬ ಸಾಲು. ಕಾದಂಬರಿಯನ್ನು ತೆರೆದು ನೋಡಿದ ಗುರುತೇ ಇರುವುದಿಲ್ಲ.

ಇದಕ್ಕೆ ಸೋಮಾರಿತನ ಕಾರಣವಲ್ಲ. ಇವರಲ್ಲಿ ಹೆಚ್ಚಿನವರು ತುಂಬಾ ಓದಿರುತ್ತಾರೆ. ಓದಿದ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ಜೊತೆಗೆ, ಎಲ್ಲ ವಿಮರ್ಶಕರೂ ತಮ್ಮ ಪ್ರಶ್ನೆಗೇ ಉತ್ತರ ಕೊಡುತ್ತಿದ್ದಾರೆ ಎಂದು ನಂಬಿಬಿಟ್ಟಿರುತ್ತಾರೆ. ವಿಮರ್ಶಕರು ಅವರವರ ಪ್ರಶ್ನೆಗೆ ಉತ್ತರ ಬರೆದಿರುತ್ತಾರೆ. ಆ ಪ್ರಶ್ನೆ ಯಾವುದು ಎಂದು ಕಂಡುಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಉದಾಹರಣೆಗೆ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಇಟ್ಟುಕೊಳ್ಳುತ್ತೇನೆ. 1965ರ ಕಾದಂಬರಿ, ಪುಟ ಕಡಿಮೆ. ಇದರ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಂದಿರುವ ಬರವಣಿಗೆ ಮಾತ್ರ ರಾಶಿ ಇದೆ. ಕಾಲು ಜಾರುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

## ಮೊದಲು ಕೈಗೆ ಬೇಕಾದದ್ದು

ಕಾದಂಬರಿಯ ನಿಮ್ಮದೇ ಪ್ರತಿ ಬೇಕು, ಅದರಲ್ಲಿ ಪೆನ್ಸಿಲ್ ಆಡಿಸುವಂತಿರಬೇಕು. ಲೈಬ್ರರಿ ಪ್ರತಿಯಾದರೆ ಸಣ್ಣ ಅಂಟುಚೀಟಿಗಳನ್ನು ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ ಬೇಕು. ಪುಟದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡಗಡೆ ವಿಮರ್ಶಕರ ಮಾತಿಗೆ, ಬಲಗಡೆ ನಿಮ್ಮ ಮಾತಿಗೆ. ಎರಡು ಬಣ್ಣದ ಹೈಲೈಟರ್ ಕೊನೆಯ ಹಂತದಲ್ಲಿ ಬೇಕಾಗುತ್ತದೆ.

ನೀವು ಓದುತ್ತಿರುವ ಪ್ರತಿ ಎಷ್ಟನೇ ಮುದ್ರಣ, ಯಾವ ವರ್ಷದ್ದು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ‘ಸಂಸ್ಕಾರ’ ಎಷ್ಟೋ ಸಲ ಮರುಮುದ್ರಣ ಆಗಿದೆ. ವಿಮರ್ಶಕರು ಕೊಡುವ ಪುಟಸಂಖ್ಯೆ ನಿಮ್ಮ ಪ್ರತಿಗೆ ಹೊಂದುವುದಿಲ್ಲ. ಅದಕ್ಕೇ ಪುಟದ ಜೊತೆ ಭಾಗವನ್ನೂ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಕಾದಂಬರಿಯಲ್ಲಿ ಮೂರು ಭಾಗಗಳಿವೆ, ಹಾಗಾಗಿ ಇದು ಕಷ್ಟವಲ್ಲ.

## ಹಂತ 1: ಒಬ್ಬ ವಿಮರ್ಶಕರನ್ನೂ ತೆರೆಯುವ ಮೊದಲು ಒಂದು ಪುಟ ಬರೆಯಿರಿ

ಈ ಹಂತವನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಮುನ್ನುಡಿ, ಹಿನ್ನುಡಿ, ಬೆನ್ನುಡಿ ಎಲ್ಲ ಬಿಟ್ಟು ಕಾದಂಬರಿಯನ್ನು ಎರಡು ಸಲ ಓದಿ. ಮೊದಲನೆಯದು ಕತೆಗೆ, ಎರಡನೆಯದು ಪೆನ್ಸಿಲ್ ಹಿಡಿದು.

ಎರಡನೇ ಓದಿನಲ್ಲಿ ‘ಇದು ಯಾಕೆ ಹೀಗಿದೆ?’ ಅನ್ನಿಸಿದ ಕಡೆ ಮಾತ್ರ ಗುರುತು ಹಾಕಿ. ಚೆನ್ನಾಗಿದೆ ಅನ್ನಿಸಿದ್ದಕ್ಕೆಲ್ಲ ಹಾಕಬೇಡಿ. ನಾನು ಗುರುತು ಹಾಕಿದ ಮೂರು ಜಾಗ ತೋರಿಸುತ್ತೇನೆ.

ಒಂದು: ಬ್ರಾಹ್ಮಣ ಆಚಾರಗಳನ್ನೆಲ್ಲ ಮುರಿದು ಬದುಕಿ, ಪ್ಲೇಗಿನಿಂದ ಸತ್ತ ನಾರಣಪ್ಪನ ಹೆಣ ದೂರ್ವಾಸಪುರದ ಅಗ್ರಹಾರದಲ್ಲಿ ಕೊಳೆಯುತ್ತಿದೆ. ಅವನ ಸಂಸ್ಕಾರ ಯಾರು ಮಾಡಬೇಕು ಎಂಬುದಕ್ಕೆ ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರಿಗೆ ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ಮಾರುತಿ ಗುಡಿಗೆ ಹೋಗಿ ಹೂವಿನ ಪ್ರಸಾದಕ್ಕೆ ಕಾಯುತ್ತಾರೆ. ದೇವರು ಬಲಕ್ಕೂ ಕೊಡುವುದಿಲ್ಲ, ಎಡಕ್ಕೂ ಕೊಡುವುದಿಲ್ಲ.

ಎರಡು: ಅದೇ ರಾತ್ರಿ ಕಾಡಿನಲ್ಲಿ ಆಚಾರ್ಯರು, ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿಯ ಜೊತೆ ಕೂಡುತ್ತಾರೆ. ಎಚ್ಚರವಾದ ಮೇಲೆ, ನಡೆದದ್ದನ್ನು ಬ್ರಾಹ್ಮಣರ ಮುಂದೆ ಹೇಳುವ ಧೈರ್ಯ ತನಗೆ ಬರದಿದ್ದರೆ ನೀನೇ ಹೇಳಿಬಿಡು ಎಂಬ ಅರ್ಥದ ಮಾತನ್ನು ಅವಳಿಗೆ ಹೇಳುತ್ತಾರೆ.

ಮೂರು: ಕೊನೆಯ ಪುಟ. ಆಚಾರ್ಯರು ಗಾಡಿ ಹತ್ತಿದ್ದಾರೆ. ಅಗ್ರಹಾರಕ್ಕೆ ಹೋಗಿ ಎಲ್ಲ ಹೇಳಬೇಕು ಎಂದುಕೊಂಡಿದ್ದಾರೆ. ತಲುಪಿದರೋ, ಹೇಳಿದರೋ, ಕಾದಂಬರಿ ತೋರಿಸುವುದಿಲ್ಲ.

ಈ ಮೂರನ್ನು ಪಕ್ಕಪಕ್ಕ ಇಟ್ಟಾಗ ನನಗೆ ಒಂದು ಪ್ರಶ್ನೆ ಹುಟ್ಟಿತು. ಪ್ರಾಣೇಶಾಚಾರ್ಯರು ನಿರ್ಧಾರ ಮಾಡುತ್ತಾರಾ, ಇಲ್ಲಾ ನಿರ್ಧಾರವನ್ನು ಇನ್ನೊಬ್ಬರ ಕೈಗೆ ಕೊಡುತ್ತಾ ಹೋಗುತ್ತಾರಾ? ಹೂವಿನ ಕೈಗೆ, ಚಂದ್ರಿಯ ಕೈಗೆ, ಕೊನೆಗೆ ಗಾಡಿಯ ಕೈಗೆ?

ಇದನ್ನು ಒಂದು ಪುಟದಲ್ಲಿ ಬರೆದಿಡಿ. ಭಾಷೆ ಹೇಗಿದ್ದರೂ ಪರವಾಗಿಲ್ಲ. ಕೆಳಗೆ ತಾರೀಖು ಹಾಕಿ. ಈ ಪುಟ ಕೊನೆಯವರೆಗೂ ಬೇಕು, ಹರಿದು ಎಸೆಯಬೇಡಿ.

ಎಚ್ಚರಿಕೆಯ ಗುರುತು: ನಿಮ್ಮ ಪ್ರಶ್ನೆಯಲ್ಲಿ ‘ಅಸ್ತಿತ್ವವಾದ’, ‘ಆಧುನಿಕತೆ’, ‘ನವ್ಯ ಪ್ರಜ್ಞೆ’ ಇಂಥ ಪದ ಬಂದಿದ್ದರೆ ಅದು ನಿಮ್ಮದಲ್ಲ. ಕ್ಲಾಸಿನಲ್ಲೋ ಗೈಡಿನಲ್ಲೋ ಕೇಳಿದ್ದು ತಲೆಯಲ್ಲಿ ಉಳಿದಿದೆ. ಆ ಪದ ಹೊಡೆದುಹಾಕಿ, ಪಾತ್ರದ ಹೆಸರು ಮತ್ತು ಒಂದು ಕ್ರಿಯಾಪದ ಹಾಕಿ ಮತ್ತೆ ಬರೆಯಿರಿ.

## ಹಂತ 2: ಹುಡುಕಿ, ಆದರೆ ಆರಕ್ಕೆ ನಿಲ್ಲಿಸಿ

ಎಂಟು ಹತ್ತು ಪುಟದ ಪ್ರಬಂಧಕ್ಕೆ ಐದಾರು ವಿಮರ್ಶೆ ಧಾರಾಳ ಸಾಕು. ಹುಡುಕುವಾಗ ಹದಿನೈದು ಇಪ್ಪತ್ತು ಸಿಗಲಿ, ಕೊನೆಗೆ ಉಳಿಯಬೇಕಾದದ್ದು ಐದಾರೇ.

ಕನ್ನಡದ ಮಟ್ಟಿಗೆ ಲೈಬ್ರರಿಯ ಕಪಾಟೇ ಮೊದಲ ಜಾಗ. ನವ್ಯ ಕಾಲದ ಒಳ್ಳೆಯ ಬರಹಗಳೆಷ್ಟೋ ಮೊದಲು ಪತ್ರಿಕೆಗಳಲ್ಲಿ ಬಂದವು. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, ಮೈಸೂರು ವಿಶ್ವವಿದ್ಯಾಲಯದ ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಗಳ ಹಳೆಯ ಸಂಚಿಕೆ ನಿಮ್ಮ ಲೈಬ್ರರಿಯಲ್ಲಿ ಕಟ್ಟು ಹಾಕಿ ಇಟ್ಟಿದ್ದಾರಾ ಎಂದು ಕೇಳಿ. ಇವು ಗೂಗಲ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನೆಟ್‌ನಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂದು ತಿಳಿಯುವುದು ಇಲ್ಲಿ ನಡೆಯುವ ಮೊದಲ ತಪ್ಪು.

ನೆಟ್‌ನಲ್ಲಿ ಹುಡುಕುವಾಗ ಎರಡನೇ ತಪ್ಪು ನಡೆಯುತ್ತದೆ. ಬರೀ Samskara ಎಂದು ಹೊಡೆದರೆ ಹದಿನಾರು ಸಂಸ್ಕಾರಗಳು, ಯೋಗಶಾಸ್ತ್ರ, ಮದುವೆ ವಿಧಿ ಎಲ್ಲ ಬಂದು ಬೀಳುತ್ತವೆ. ಲೇಖಕರ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆಯುತ್ತಾರೆ. ಒಂದು ರೀತಿ ಹುಡುಕಿದರೆ ಇನ್ನೊಂದು ತಪ್ಪಿಹೋಗುತ್ತದೆ. ಹೀಗೆ ಬೇರೆ ಬೇರೆಯಾಗಿ ಹುಡುಕಿ:

```
"Samskara" "Ananthamurthy" novel
"Samskara" "Anantha Murthy" Praneshacharya
"Samskara" Ramanujan afterword
"ಸಂಸ್ಕಾರ" "ಅನಂತಮೂರ್ತಿ" ವಿಮರ್ಶೆ
```

ಪಾತ್ರದ ಹೆಸರು ಸೇರಿಸುವುದು ತುಂಬಾ ಉಪಯೋಗ. ಪಾತ್ರದ ಹೆಸರು ಇರುವ ಲೇಖನದಲ್ಲಿ ಕಾದಂಬರಿಯ ಬಗ್ಗೆ ಏನಾದರೂ ಇರುವ ಸಾಧ್ಯತೆ ಜಾಸ್ತಿ. ಗೂಗಲ್ ಸ್ಕಾಲರ್, ಜೆಸ್ಟೋರ್ ಎರಡರಲ್ಲೂ ಇದೇ ಸಾಲುಗಳು ಕೆಲಸ ಮಾಡುತ್ತವೆ. ಜೆಸ್ಟೋರ್ ಪೂರ್ತಿ ಓದಲು ಕಾಲೇಜಿನ ಲಾಗಿನ್ ಕೇಳಬಹುದು, ಲೈಬ್ರರಿಯವರನ್ನು ವಿಚಾರಿಸಿ.

ಶೋಧಗಂಗಾದಲ್ಲಿ ಪಿಎಚ್.ಡಿ. ಪ್ರಬಂಧಗಳು ಸಿಗುತ್ತವೆ. ಅವುಗಳ ಗುಣಮಟ್ಟ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ನಾನು ಅವುಗಳ ಕೊನೆಯ ಗ್ರಂಥಸೂಚಿಯನ್ನು ಮೊದಲು ಓದುತ್ತೇನೆ. ಯಾರೋ ನಾಲ್ಕು ವರ್ಷ ಕೂತು ಹುಡುಕಿದ ಪಟ್ಟಿ ಅದು. ಒಳಗಿನ ವಾದ ಉಪಯೋಗಕ್ಕೆ ಬಾರದಿದ್ದರೂ ಪಟ್ಟಿ ಉಪಯೋಗಕ್ಕೆ ಬರುತ್ತದೆ.

## ಹಂತ 3: ಹತ್ತು ನಿಮಿಷದಲ್ಲಿ ಜಳ್ಳು ತೂರುವುದು

ಸಿಕ್ಕಿದ್ದನ್ನೆಲ್ಲ ಪೂರ್ತಿ ಓದಬೇಡಿ. ಪ್ರತಿ ಲೇಖನಕ್ಕೆ ಹತ್ತು ನಿಮಿಷ ಕೊಡಿ. ಮೊದಲ ಪ್ಯಾರಾ, ಕೊನೆಯ ಪ್ಯಾರಾ ಓದಿ. ಆಮೇಲೆ ನಡುವಿನ ಪುಟಗಳ ಮೇಲೆ ಕಣ್ಣಾಡಿಸಿ, ಕಾದಂಬರಿಯ ಸಾಲುಗಳನ್ನು ಎಷ್ಟು ಸಲ ಎತ್ತಿಕೊಂಡಿದ್ದಾರೆ ಎಂದು ಎಣಿಸಿ. ಹತ್ತು ಪುಟದಲ್ಲಿ ಒಂದು ಸಲವೂ ಇಲ್ಲದಿದ್ದರೆ ಅದು ಕಾದಂಬರಿಯ ವಿಮರ್ಶೆಯಲ್ಲ, ಕಾದಂಬರಿಯ ಹೆಸರಿನಲ್ಲಿ ಬೇರೇನೋ.

ಆಮೇಲೆ ಕತೆಯ ಪರೀಕ್ಷೆ. ನೀವು ಆಗಲೇ ಎರಡು ಸಲ ಓದಿರುವುದರಿಂದ ಇದು ಸುಲಭ. ‘ಸಂಸ್ಕಾರ’ಕ್ಕೆ ನಾನು ಇಟ್ಟುಕೊಂಡಿರುವ ಮೂರು ಪ್ರಶ್ನೆ ಇವು. ನಾರಣಪ್ಪನ ಹೆಣ ಸುಟ್ಟದ್ದು ಹೇಗೆ? ಚಂದ್ರಿ ಎಲ್ಲಿಗೆ ಹೋದಳು? ಆಚಾರ್ಯರು ಕೊನೆಗೆ ಅಗ್ರಹಾರ ತಲುಪಿದರಾ? ಸರಿಯಾದ ಉತ್ತರ ನಿಮಗೆ ಗೊತ್ತಿದೆ. ಚಂದ್ರಿಯೇ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ಸಹಾಯದಿಂದ ರಾತ್ರೋರಾತ್ರಿ ಸುಡಿಸುತ್ತಾಳೆ. ಅವಳು ಕುಂದಾಪುರದ ಹಾದಿ ಹಿಡಿಯುತ್ತಾಳೆ. ಆಚಾರ್ಯರು ತಲುಪಿದ್ದನ್ನು ಕಾದಂಬರಿ ಹೇಳುವುದೇ ಇಲ್ಲ.

‘ಕೊನೆಗೆ ಆಚಾರ್ಯರು ಹಿಂತಿರುಗಿ ತಪ್ಪು ಒಪ್ಪಿಕೊಳ್ಳುತ್ತಾರೆ’ ಎಂದು ಒಂದು ಲೇಖನ ಬರೆದಿದ್ದರೆ ಅದನ್ನು ಅಲ್ಲೇ ಬಿಡಿ. ಕೊನೆಯ ಪುಟ ಓದದವರ ವಾದದ ಮೇಲೆ ನೀವು ವಾದ ಕಟ್ಟಬಾರದು. ಲೇಖಕರ ಹೆಸರು ಎಷ್ಟೇ ದೊಡ್ಡದಿರಲಿ.

ಇನ್ನೊಂದು ಗೊಂದಲ ಸಿನಿಮಾದ್ದು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಬಂತು, ಗಿರೀಶ್ ಕಾರ್ನಾಡರು ಪ್ರಾಣೇಶಾಚಾರ್ಯರಾಗಿ ನಟಿಸಿದ್ದಾರೆ. ಕೆಲವರು ಸಿನಿಮಾದ ನೆನಪಿನಲ್ಲಿ ಕಾದಂಬರಿಯ ಬಗ್ಗೆ ಬರೆಯುತ್ತಾರೆ. ಆಚಾರ್ಯರ ಮುಖಭಾವ, ಅವರ ನಡಿಗೆ, ಕಾಡಿನ ಬೆಳಕು ಇಂಥ ಮಾತು ಬಂದಾಗ ನಿಮ್ಮ ಪ್ರತಿ ತೆಗೆದು ಆ ಜಾಗ ನೋಡಿ.

## ಹಂತ 4: ವಿಮರ್ಶಕರು ಯಾವ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾರೆ?

ಇಲ್ಲಿ ನಿಧಾನವಾಗಿ ಹೋಗೋಣ. ಎಲ್ಲರೂ ಎಡವುವುದು ಇಲ್ಲೇ.

ಉಳಿದ ಐದಾರನ್ನು ಪೂರ್ತಿ ಓದಿ. ಪ್ರತಿಯೊಂದು ಮುಗಿದ ಮೇಲೆ ಪುಸ್ತಕ ಮುಚ್ಚಿ. ‘ಇವರ ಪ್ರಶ್ನೆ ಇದು’ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಅವರ ಉತ್ತರ ಬೇಡ, ಪ್ರಶ್ನೆ ಮಾತ್ರ. ಮೂರು ಉದಾಹರಣೆ ತೆಗೆದುಕೊಳ್ಳೋಣ.

ಮೊದಲನೆಯದು ವಿ. ಎಸ್. ನೈಪಾಲ್ ಅವರದು. 1977ರಲ್ಲಿ ಬಂದ ಅವರ ‘ಇಂಡಿಯಾ: ಎ ವೂಂಡೆಡ್ ಸಿವಿಲಿಜೇಷನ್’ ಪುಸ್ತಕದಲ್ಲಿ ‘ಸಂಸ್ಕಾರ’ದ ಮೇಲೆ ಕೆಲವು ಪುಟಗಳಿವೆ. ಜಾತಿ, ಆಚಾರ ಕಳಚಿದರೆ ಈ ಮನುಷ್ಯನಿಗೆ ನಿಲ್ಲಲು ‘ನಾನು’ ಎಂಬುದೇ ಇಲ್ಲ ಎಂಬ ದಿಕ್ಕಿನಲ್ಲಿ ಅವರು ಪ್ರಾಣೇಶಾಚಾರ್ಯರನ್ನು ಓದುತ್ತಾರೆ. ಮಾತಿಗೆ ಹರಿತ ಇದೆ. ಪ್ರಬಂಧದಲ್ಲಿ ಹಾಕಲು ಯಾರಿಗಾದರೂ ಆಸೆಯಾಗುತ್ತದೆ.

ಆದರೆ ಆ ಪುಸ್ತಕ ಹುಟ್ಟಿದ್ದು ತುರ್ತು ಪರಿಸ್ಥಿತಿಯ ಕಾಲದ ಭಾರತ ಪ್ರವಾಸದಿಂದ. ನೈಪಾಲ್ ಕೇಳುತ್ತಿರುವುದು ‘ಭಾರತದ ನಾಗರಿಕತೆಗೆ ಏನಾಗಿದೆ?’ ಎಂದು. ಕಾದಂಬರಿ ಅವರಿಗೆ ಒಂದು ಸಾಕ್ಷಿ. ಸಾಕ್ಷಿಯಿಂದ ತಮಗೆ ಬೇಕಾದ ಉತ್ತರವನ್ನು ಅವರು ತೆಗೆದುಕೊಳ್ಳುತ್ತಾರೆ. ನನ್ನ ಪ್ರಶ್ನೆ ಕಾದಂಬರಿಯ ಒಳಗಿನದು: ಈ ಮನುಷ್ಯ ನಿರ್ಧಾರವನ್ನು ಯಾಕೆ ದಾಟಿಸುತ್ತಾನೆ? ಇಬ್ಬರ ಪ್ರಶ್ನೆಗಳೂ ಒಂದು ಕಡೆ ಮಾತ್ರ ಮುಟ್ಟುತ್ತವೆ. ‘ಆಚಾರ ಕಳಚಿದರೆ ನಿಲ್ಲಲು ಜಾಗವಿಲ್ಲ’ ಎಂಬಲ್ಲಿ. ಅಷ್ಟನ್ನು ತೆಗೆದುಕೊಳ್ಳಬಹುದು. ಇಡೀ ಹಿಂದೂ ಸಮಾಜದ ಬಗ್ಗೆ ಅವರ ತೀರ್ಮಾನವನ್ನು ಜೊತೆಗೆ ಎಳೆದು ತಂದರೆ, ನಿಮ್ಮ ಹತ್ತು ಪುಟದಲ್ಲಿ ಅದನ್ನು ಸಾಧಿಸುವ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ.

ಎರಡನೆಯದು ಎ. ಕೆ. ರಾಮಾನುಜನ್ ಅವರ ಹಿನ್ನುಡಿ. 1976ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಅನುವಾದದ ಕೊನೆಗೆ ಇದೆ. ಆಚಾರ್ಯರ ಕತೆಯನ್ನು ಅವರು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ವಿಧಿಯ ಹಾಗೆ ಓದುತ್ತಾರೆ. ಮೊದಲು ಇದ್ದಲ್ಲಿಂದ ಬೇರ್ಪಡುವುದು, ಆಮೇಲೆ ನಡುವಿನ ಅತಂತ್ರ ಸ್ಥಿತಿ, ಕೊನೆಗೆ ಹೊಸ ಸ್ಥಾನದಲ್ಲಿ ಮತ್ತೆ ಸೇರಿಕೊಳ್ಳುವುದು. ಕಾದಂಬರಿ ಮೂರನೆಯದಕ್ಕೆ ಮುಂಚೆಯೇ ನಿಂತುಬಿಡುತ್ತದೆ. ಸತ್ತವನಿಗೆ ಮಾಡುವ ಸಂಸ್ಕಾರದ ಪ್ರಶ್ನೆ ಬದುಕಿರುವವನ ಸಂಸ್ಕಾರವಾಗಿ ತಿರುಗುತ್ತದೆ.

ಇದು ನನ್ನ ಪ್ರಶ್ನೆಗೆ ತುಂಬಾ ಹತ್ತಿರ. ಅದಕ್ಕೇ ಇದು ಹೆಚ್ಚು ಅಪಾಯ. ದೂರದ ವಿಮರ್ಶಕರಿಂದ ನೀವು ಒಂದು ಸಾಲು ಎರವಲು ತರುತ್ತೀರಿ. ಹತ್ತಿರದವರು ನಿಮ್ಮ ಇಡೀ ಪ್ರಬಂಧವನ್ನೇ ನುಂಗಿಬಿಡುತ್ತಾರೆ. ಅವರ ಮೂರು ಹಂತವನ್ನೇ ನಿಮ್ಮ ಮೂರು ಉಪಶೀರ್ಷಿಕೆ ಮಾಡಿಕೊಂಡಿರಿ ಅಂದರೆ ಮುಗಿಯಿತು, ನೀವು ಬರೆಯುತ್ತಿರುವುದು ರಾಮಾನುಜನ್ ಹಿನ್ನುಡಿಯ ಸಾರಾಂಶ.

ಹತ್ತಿರದ ವಿಮರ್ಶೆ ಸಿಕ್ಕಾಗ ಒಂದು ಕೆಲಸ ಮಾಡಿ. ‘ಇವರ ಓದಿನಲ್ಲಿ ಯಾವುದಕ್ಕೆ ಜಾಗ ಸಾಲದು?’ ಎಂದು ಕೇಳಿ, ಹಂತ 1ರ ನಿಮ್ಮ ಪುಟ ತೆಗೆಯಿರಿ. ನನ್ನ ಪುಟದಲ್ಲಿ ಚಂದ್ರಿ ಇದ್ದಳು. ದಾಟುವ ವಿಧಿ ಆಚಾರ್ಯರದು ಎಂದಾದರೆ, ಅದೇ ರಾತ್ರಿ ಯಾರನ್ನೂ ಕೇಳದೆ ಹೆಣ ಸುಡಿಸಿ ಊರು ಬಿಟ್ಟವಳು ಏನು ದಾಟಿದಳು? ನನ್ನ ಪ್ರಬಂಧ ನಿಂತದ್ದು ಆ ಬಿರುಕಿನಲ್ಲಿ.

ಮೂರನೆಯದು ಲೇಖಕರ ಸ್ವಂತ ಮಾತು. ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದ್ದು ‘ಸಂಸ್ಕಾರ’ ಬರೆಯಲು ಪ್ರೇರಣೆಯಾಯಿತು ಎಂದು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ವಿದ್ಯಾರ್ಥಿಗಳಿಗೆ ಇದು ತುಂಬಾ ಇಷ್ಟ. ಆ ಸಿನಿಮಾದಲ್ಲೂ ಪ್ಲೇಗು ಇದೆ, ಇಲ್ಲೂ ಪ್ಲೇಗು ಇದೆ, ಹಾಗಾಗಿ ಎರಡು ಪುಟ ಹೋಲಿಕೆ ಬರೆದುಬಿಡುತ್ತಾರೆ. ಆದರೆ ಲೇಖಕರು ಉತ್ತರಿಸಿದ ಪ್ರಶ್ನೆ ‘ಬರೆಯಲು ಏನು ಪ್ರೇರಣೆ?’ ಎಂಬುದು. ಪುಸ್ತಕ ಏನು ಹೇಳುತ್ತದೆ ಎಂಬುದಕ್ಕೆ ಅದು ಉತ್ತರವಲ್ಲ. ಕಿಡಿ ಎಲ್ಲಿಂದ ಬಂತು ಎಂದು ಗೊತ್ತಾದರೆ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಗೊತ್ತಾಗುವುದಿಲ್ಲ, ಅಲ್ವಾ? ಲೇಖಕರ ಮಾತನ್ನು ಒಬ್ಬ ಓದುಗರ ಮಾತಿನ ಹಾಗೆ ತೆಗೆದುಕೊಳ್ಳಿ. ಪಠ್ಯದಲ್ಲಿ ಆಧಾರ ಸಿಕ್ಕರೆ ಬಳಸಿ, ಇಲ್ಲದಿದ್ದರೆ ಬಿಡಿ.

## ಹಂತ 5: ಇಂಗ್ಲಿಷ್ ವಿಮರ್ಶೆಯನ್ನು ಕನ್ನಡ ಪ್ರತಿಯ ಪಕ್ಕದಲ್ಲಿಟ್ಟು ನೋಡಿ

ಇಂಗ್ಲಿಷಿನಲ್ಲಿ ಬರೆದ ಎಷ್ಟೋ ವಿಮರ್ಶಕರು ಓದಿದ್ದು ರಾಮಾನುಜನ್ ಅನುವಾದವನ್ನು. ಒಳ್ಳೆಯ ಅನುವಾದ, ಆದರೂ ಅದು ಇನ್ನೊಂದು ಪಠ್ಯ. ಇಂಗ್ಲಿಷ್ ಪುಸ್ತಕದ ಮೇಲೆ ‘ಎ ರೈಟ್ ಫಾರ್ ಎ ಡೆಡ್ ಮ್ಯಾನ್’ ಎಂಬ ಉಪಶೀರ್ಷಿಕೆ ಇದೆ. ಕನ್ನಡದಲ್ಲಿ ಬರೀ ‘ಸಂಸ್ಕಾರ’. ಶವಸಂಸ್ಕಾರ, ಉಪನಯನದಂಥ ವಿಧಿ, ‘ಸಂಸ್ಕಾರವಂತ’ ಅನ್ನುವಾಗಿನ ನಡತೆ, ಹಿಂದಿನಿಂದ ಬಂದ ವಾಸನೆ, ಇವೆಲ್ಲ ಕನ್ನಡದ ಓದುಗನ ಕಿವಿಯಲ್ಲಿ ಒಟ್ಟಿಗೆ ಇರುತ್ತವೆ. ಇಂಗ್ಲಿಷ್ ಓದುಗನಿಗೆ ಉಪಶೀರ್ಷಿಕೆ ಮೊದಲೇ ಸತ್ತವನ ಕಡೆ ಕೈ ತೋರಿಸುತ್ತದೆ.

ಯಾರಾದರೂ ಆ ಉಪಶೀರ್ಷಿಕೆಯ ಮೇಲೆ ವಾದ ಕಟ್ಟಿದ್ದರೆ ಅದು ಅನುವಾದದ ಬಗೆಗಿನ ವಾದ. ಕನ್ನಡ ಕಾದಂಬರಿಯ ಮೇಲೆ ಪ್ರಬಂಧ ಬರೆಯುವ ನೀವು ಅದನ್ನು ಹಾಗೇ ತರುವಂತಿಲ್ಲ.

ಮಾಡಬೇಕಾದದ್ದು ಇಷ್ಟೇ. ವಿಮರ್ಶಕರು ಯಾವ ಇಂಗ್ಲಿಷ್ ಪದವನ್ನು ಒತ್ತಿ ಹೇಳುತ್ತಿದ್ದಾರೋ ಆ ಜಾಗವನ್ನು ಕನ್ನಡದಲ್ಲಿ ಹುಡುಕಿ. ಅಲ್ಲಿ ಯಾವ ಪದ ಇದೆ, ಅದರ ತೂಕ ಅಷ್ಟೇ ಇದೆಯಾ ನೋಡಿ. ಹೊಂದಿದರೆ ವಾದ ಗಟ್ಟಿ. ಹೊಂದದಿದ್ದರೆ ನಿಮಗೆ ಬರೆಯಲು ಒಂದು ಹೊಸ ಪ್ಯಾರಾ ಸಿಕ್ಕಿತು. ಕನ್ನಡ ಓದುವ ನಿಮಗೆ ಮಾತ್ರ ಸಿಗುವ ಪ್ಯಾರಾ ಅದು.

## ಹಂತ 6: ಟಿಪ್ಪಣಿ ಮತ್ತು ಎರಡನೇ ಕೈಯ ಉದ್ಧರಣೆ

ನೋಟ್‌ಬುಕ್ಕಿನ ಎಡಗಡೆ ವಿಮರ್ಶಕರ ಮಾತು. ಅವರ ಸಾಲನ್ನೇ ಬರೆದುಕೊಂಡರೆ ಆ ಕ್ಷಣವೇ ಉದ್ಧರಣ ಚಿಹ್ನೆ ಹಾಕಿ, ಪುಟಸಂಖ್ಯೆ ಬರೆಯಿರಿ. ಆಮೇಲೆ ಹಾಕೋಣ ಅಂದರೆ ಒಂದು ವಾರದ ನಂತರ ಅದು ನಿಮ್ಮದೇ ಸಾಲಿನ ಹಾಗೆ ಕಾಣುತ್ತದೆ. ಕೃತಿಚೌರ್ಯದ ಆರೋಪಕ್ಕೆ ಸಿಕ್ಕಿಬಿದ್ದ ವಿದ್ಯಾರ್ಥಿಗಳಲ್ಲಿ ಕೆಲವರು ಬೇಕೆಂದು ಕದ್ದವರಲ್ಲ, ಚಿಹ್ನೆ ಹಾಕಲು ಮರೆತವರು.

ಬಲಗಡೆ ನಿಮ್ಮ ಮಾತು. ‘ಒಪ್ಪುತ್ತೇನೆ’, ‘ಚೆನ್ನಾಗಿದೆ’ ಎಂದು ಬರೆಯಬೇಡಿ. ಕಾದಂಬರಿಯ ಯಾವ ಜಾಗ ಇದನ್ನು ನಿಲ್ಲಿಸುತ್ತದೆ, ಯಾವ ಜಾಗ ಬೀಳಿಸುತ್ತದೆ ಎಂದು ಬರೆಯಿರಿ. ಬಲಗಡೆ ಖಾಲಿ ಉಳಿದ ಟಿಪ್ಪಣಿಯನ್ನು ಪ್ರಬಂಧಕ್ಕೆ ಒಯ್ಯಬಾರದು.

ಒಬ್ಬ ವಿಮರ್ಶಕರು ಇನ್ನೊಬ್ಬರ ಸಾಲನ್ನು ಎತ್ತಿಕೊಂಡಿದ್ದರೆ ಮೂಲ ನೋಡದೆ ಬಳಸಬೇಡಿ. ಎಂ.ಎ. ಓದುವಾಗ ನಾನು ಹೀಗೆ ಒಂದು ಸಾಲನ್ನು ಪ್ರಬಂಧದ ಕೊನೆಗೆ, ಕಿರೀಟ ಇಟ್ಟ ಹಾಗೆ ಇಟ್ಟಿದ್ದೆ. ಮೂರು ತಿಂಗಳಾದ ಮೇಲೆ ಮೂಲ ಪುಸ್ತಕ ಕೈಗೆ ಬಂತು. ಆ ವಿಮರ್ಶಕರು ಬೇರೆಯವರ ಅಭಿಪ್ರಾಯವನ್ನು ಮೊದಲು ಹೇಳಿ, ಮುಂದಿನ ಸಾಲಿನಲ್ಲಿ ‘ಇದು ಸರಿಯಲ್ಲ’ ಎಂದು ತಳ್ಳಿಹಾಕಿದ್ದರು. ನಾನು ಅವರ ಬಾಯಲ್ಲಿ ಅವರು ವಿರೋಧಿಸಿದ ಮಾತನ್ನೇ ಇಟ್ಟಿದ್ದೆ. ಪ್ರಬಂಧ ಆಗಲೇ ಸಲ್ಲಿಸಿಯಾಗಿತ್ತು. ಈಗಲೂ ಆ ಪುಟ ನೆನಪಾದರೆ ಕಸಿವಿಸಿಯಾಗುತ್ತದೆ. ಮೂಲ ಸಿಗದಿದ್ದರೆ, ಯಾರ ಪುಸ್ತಕದಲ್ಲಿ ನೋಡಿದಿರೋ ಅವರ ಹೆಸರನ್ನೂ ಹೇಳಿ. ಅದೂ ಬೇಡ ಅನ್ನಿಸಿದರೆ ಸಾಲನ್ನೇ ಬಿಡಿ.

## ಹಂತ 7: ಪ್ಯಾರಾದ ಒಳಗೆ ವಿಮರ್ಶಕರಿಗೆ ಎಲ್ಲಿ ಜಾಗ?

ಮೊದಲ ಕರಡನ್ನು ಟಿಪ್ಪಣಿ ಮುಚ್ಚಿಟ್ಟು ಬರೆಯಿರಿ. ಕಾದಂಬರಿ ಮಾತ್ರ ತೆರೆದಿರಲಿ. ವಿಮರ್ಶಕರು ಬೇಕು ಅನ್ನಿಸಿದ ಕಡೆ ಒಂದು ಗುರುತು ಹಾಕಿ ಮುಂದೆ ಹೋಗಿ. ಎರಡನೇ ಕರಡಿನಲ್ಲಿ ಅವರನ್ನು ಕರೆತನ್ನಿ.

ಎರಡು ಪ್ಯಾರಾ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಮೊದಲನೆಯದು ನಾನು ಸದಾ ನೋಡುವ ಬಗೆಯದು:

> ರಾಮಾನುಜನ್ ಅವರ ಪ್ರಕಾರ ಪ್ರಾಣೇಶಾಚಾರ್ಯರದು ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ದಾಟುವ ಪಯಣ. ನೈಪಾಲ್ ಅವರ ಪ್ರಕಾರ ಆಚಾರ್ಯರಿಗೆ ತಮ್ಮದೇ ಆದ ‘ನಾನು’ ಇಲ್ಲ. ಹೀಗೆ ಈ ಕಾದಂಬರಿ ಮನುಷ್ಯನ ಅಸ್ತಿತ್ವದ ಹುಡುಕಾಟವನ್ನು ಚಿತ್ರಿಸುತ್ತದೆ.

ಇಬ್ಬರು ವಿಮರ್ಶಕರು ಪರಸ್ಪರ ಒಪ್ಪುತ್ತಾರಾ ಇಲ್ವಾ ಎಂಬುದೂ ಇಲ್ಲಿ ಗೊತ್ತಾಗುವುದಿಲ್ಲ. ಒಬ್ಬರು ದಾಟುತ್ತಿದ್ದಾರೆ ಅನ್ನುತ್ತಾರೆ, ಇನ್ನೊಬ್ಬರು ದಾಟಲು ಯಾರೂ ಇಲ್ಲ ಅನ್ನುತ್ತಾರೆ. ಎಂಥ ಜಗಳ! ಅದನ್ನು ‘ಹೀಗೆ’ ಎಂಬ ಒಂದು ಪದ ನುಂಗಿಹಾಕಿದೆ. ಈಗ ಎರಡನೆಯದು:

> ಕಾಡಿನ ರಾತ್ರಿ ಎಚ್ಚರವಾದ ಮೇಲೆ ಆಚಾರ್ಯರು ಮಾತನ್ನು ಚಂದ್ರಿಗೆ ಒಪ್ಪಿಸುತ್ತಾರೆ. ತನಗೆ ಧೈರ್ಯ ಬಾರದಿದ್ದರೆ ನೀನೇ ಹೇಳು ಎನ್ನುತ್ತಾರೆ. ಹಗಲು ಮಾರುತಿಯ ಹೂವಿಗೆ ಒಪ್ಪಿಸಿದ್ದನ್ನು ಈಗ ಒಬ್ಬ ಹೆಂಗಸಿಗೆ ಒಪ್ಪಿಸಿದ್ದಾರೆ. ಚಂದ್ರಿ ಅಗ್ರಹಾರದಲ್ಲಿ ಬಾಯಿ ಬಿಡುವುದಿಲ್ಲ. ಹೆಣ ಸುಡಿಸಿ ಹೊರಟುಹೋಗುತ್ತಾಳೆ. ಆಚಾರ್ಯರ ಕತೆಯನ್ನು ದಾಟುವ ವಿಧಿಯಾಗಿ ಓದುವ ರಾಮಾನುಜನ್, ಅದು ಕೊನೆಯ ಹಂತಕ್ಕೆ ಮುಂಚೆಯೇ ನಿಲ್ಲುತ್ತದೆ ಎಂದು ಗುರುತಿಸುತ್ತಾರೆ. ಆದರೆ ಅದೇ ರಾತ್ರಿ ಅದೇ ಊರಿನಲ್ಲಿ ಒಬ್ಬಳು ತನ್ನ ಪಾಲಿನದನ್ನು ಮುಗಿಸಿದ್ದಾಳೆ. ಆಚಾರ್ಯರ ‘ಇನ್ನೂ ಇಲ್ಲ’ ಎಷ್ಟು ಉದ್ದ ಎಂದು ಅಳೆಯಲು ಕಾದಂಬರಿ ನಮ್ಮ ಕೈಗೆ ಚಂದ್ರಿಯ ‘ಆಯಿತು’ ಕೊಟ್ಟಿದೆ.

ಇಲ್ಲಿ ರಾಮಾನುಜನ್‌ಗೆ ಒಂದೇ ವಾಕ್ಯ. ಅವರಿಗೆ ಅನ್ಯಾಯವಾಗಿಲ್ಲ, ಅವರ ಮಾತು ಸರಿಯಾಗಿಯೇ ಬಂದಿದೆ. ಪ್ಯಾರಾ ಶುರುವಾದದ್ದು ಕಾದಂಬರಿಯಿಂದ, ಮುಗಿದದ್ದು ಬರೆಯುವವರ ಮಾತಿನಿಂದ. ವಿಮರ್ಶಕರು ನಡುವೆ ಬಂದು, ತಾವು ಕೊಡಬೇಕಾದದ್ದನ್ನು ಕೊಟ್ಟು, ಪಕ್ಕಕ್ಕೆ ಸರಿದಿದ್ದಾರೆ. ಪ್ಯಾರಾದ ಮೊದಲ ವಾಕ್ಯ, ಕೊನೆಯ ವಾಕ್ಯ ಎರಡನ್ನೂ ಅವರಿಗೆ ಬಿಟ್ಟುಕೊಡಬೇಡಿ. ಕೊನೆಯದನ್ನಂತೂ ಖಂಡಿತ ಬೇಡ.

ಉದ್ದುದ್ದ ಉದ್ಧರಣೆ ಬೇಡ. ವಿಮರ್ಶಕರ ಪದವೇ ಮುಖ್ಯವಾದಾಗ ಮಾತ್ರ ಅವರ ಸಾಲು ಹಾಕಿ, ಉಳಿದ ಕಡೆ ನಿಮ್ಮ ಮಾತಿನಲ್ಲಿ ಹೇಳಿ ಹೆಸರು ಕೊಡಿ. ಅವರೊಂದಿಗೆ ಜಗಳವಿದ್ದರೆ ಮೊದಲು ಅವರ ವಾದವನ್ನು ಅವರೇ ಒಪ್ಪುವಷ್ಟು ಚೆನ್ನಾಗಿ ಹೇಳಿ, ಆಮೇಲೆ ಕಾದಂಬರಿಯ ಒಂದು ಜಾಗ ತೋರಿಸಿ. ಬರೀ ‘ಇದನ್ನು ಒಪ್ಪಲಾಗದು’ ಅಂದರೆ ಸಾಲದು.

## ಹಂತ 8: ಬಣ್ಣದ ಪರೀಕ್ಷೆ

ಪ್ರಬಂಧದ ಪ್ರಿಂಟ್ ತೆಗೆಯಿರಿ. ಕಾದಂಬರಿಯಿಂದ ಬಂದ ಸಾಲು ಮತ್ತು ವಿವರಕ್ಕೆ ಹಳದಿ, ವಿಮರ್ಶಕರಿಂದ ಬಂದದ್ದಕ್ಕೆ ಗುಲಾಬಿ. ನಿಮ್ಮ ಮಾತಿಗೆ ಬಣ್ಣ ಬೇಡ. ಪುಟಗಳನ್ನು ಮೇಜಿನ ಮೇಲೆ ಹರಡಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ.

ಗುಲಾಬಿ ಅಲ್ಲಲ್ಲಿ ಚುಕ್ಕೆಯ ಹಾಗಿರಬೇಕು, ಪಟ್ಟೆಯ ಹಾಗಲ್ಲ. ಒಂದು ಪುಟದಲ್ಲಿ ಹಳದಿಯೇ ಇಲ್ಲದಿದ್ದರೆ ಆ ಪುಟದಲ್ಲಿ ನೀವು ಕಾದಂಬರಿ ಬಿಟ್ಟು ಹೋಗಿದ್ದೀರಿ. ಹಳದಿ ತುಂಬಾ ಇದ್ದು ಬಿಳಿ ಇಲ್ಲದಿದ್ದರೆ ಕತೆ ಹೇಳಿದ್ದೀರಿ, ವಾದ ಮಾಡಿಲ್ಲ. ಎರಡು ಪ್ಯಾರಾಗಳಲ್ಲಿ ಒಂದೇ ಹೆಸರಿನ ಗುಲಾಬಿ ಬಂದು ಮೂರನೆಯದಕ್ಕೂ ಹರಿದಿದ್ದರೆ ಆ ವಿಮರ್ಶಕರು ಚಾಲಕರ ಸೀಟಿನಲ್ಲಿ ಕೂತಿದ್ದಾರೆ.

ಆಮೇಲೆ ಗುಲಾಬಿ ಬಣ್ಣದ ಒಂದೊಂದೇ ವಾಕ್ಯವನ್ನು ಬೆರಳಿನಿಂದ ಮುಚ್ಚಿ ಪ್ಯಾರಾ ಓದಿ. ಪ್ಯಾರಾ ಸ್ವಲ್ಪ ತೆಳುವಾಗಿ, ಆದರೆ ನಿಂತೇ ಇದ್ದರೆ ವಿಮರ್ಶೆ ಸರಿಯಾದ ಜಾಗದಲ್ಲಿದೆ. ಏನೂ ಬದಲಾಗದಿದ್ದರೆ ಆ ವಾಕ್ಯ ಸುಮ್ನೆ ಅಲಂಕಾರ, ತೆಗೆದುಹಾಕಿ. ಪ್ಯಾರಾ ಕುಸಿದುಬಿದ್ದರೆ ಹಂತ 1ರ ಪುಟಕ್ಕೆ ವಾಪಸ್ ಹೋಗಿ, ಅಲ್ಲಿ ಬರೆದಿಟ್ಟ ಜಾಗವನ್ನು ಕಾದಂಬರಿಯಲ್ಲಿ ತೆರೆದು, ಆ ಪ್ಯಾರಾವನ್ನು ಅಲ್ಲಿಂದ ಮತ್ತೆ ಬರೆಯಿರಿ.